ಈ ಸಲ ಬಿಡ್ಬೇಕಾ, ಬರೀಬೇಕಾ?

ಎಲ್ರಿಗೂ ನಮಸ್ಕಾರ. ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಪ್ರಿಲಿಮ್ಸ್ ಹತ್ರ ಬಂತು ಅಂದ್ರೆ ಬರೋ ಪ್ರಶ್ನೆ ಒಂದೇ, "ಸರ್, ಈ ಸಲ ಬಿಟ್ಬಿಡ್ಲಾ?" ಅಂತ. ನಾನು ಮೊದ್ಲು ಕೇಳೋದು ನಿನ್ ಓದು ಎಲ್ಲಿಗ್ ಬಂತು ಅಂತಲ್ಲ, ಆಗಸ್ಟ್ 1ಕ್ಕೆ ನಿನ್ ವಯಸ್ಸೆಷ್ಟು ಅಂತ. ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಜಾತಕ ಮಾತ್ರ ಬಾಯಿಪಾಠ!

ಒಬ್ಬ ಹುಡುಗಿ ಬಂದಿದ್ಲು. ಜನರಲ್ ಕೆಟಗರಿ, ಆರು ಅಟೆಂಪ್ಟ್‌ನಲ್ಲಿ ನಾಲ್ಕು ಮುಗ್ದಿತ್ತು, ಆ ವರ್ಷದ ಆಗಸ್ಟ್ 1ಕ್ಕೆ 29 ತುಂಬಿರುತ್ತೆ. ಆ ದಿನಕ್ಕೆ 32 ಆಗಿರಬಾರ್ದು ತಾನೇ, ಹಾಗಾಗಿ 29, 30, 31ರಲ್ಲಿ ಮೂರು ಪರೀಕ್ಷೆಗೆ ವಯಸ್ಸಿದೆ, ಅಟೆಂಪ್ಟ್ ಉಳಿದಿರೋದು ಎರಡೇ. ಅಂದ್ರೆ ಒಂದು ವರ್ಷ ಬಿಟ್ರೂ ಅವಳಿಗೆ ಒಂದು ಅಟೆಂಪ್ಟೂ ನಷ್ಟ ಇಲ್ಲ! ಅವಳ ಜೊತೆ ಬಂದಿದ್ದ ಹುಡುಗನಿಗೂ ಅದೇ ಕೆಟಗರಿ, ಆದ್ರೆ ವಯಸ್ಸು 30, ಅಟೆಂಪ್ಟ್ ನಾಲ್ಕು ಉಳಿದಿತ್ತು. ಅವನ್ ಕೈಲಿರೋದೇ ಎರಡು ಪರೀಕ್ಷೆ, ಈ ಸಲ ಬಿಟ್ರೆ ಒಂದು ಹೋಯ್ತು, ವಾಪಸ್ ಬರಲ್ಲ. ಅವನಿಗೆ ಹೋಗಿ ಬರಿಯಪ್ಪಾ ಅಂದೆ. ಒಬಿಸಿಗೆ 35 ವರ್ಷ, ಒಂಬತ್ತು ಅಟೆಂಪ್ಟ್. ಲೆಕ್ಕ ಹಾಕೋ ರೀತಿ ಮಾತ್ರ ಇದೇ.

ಆಮೇಲೆ ಅವಳಿಗೆ ಹಳೇ ವರ್ಷದ ಪೇಪರ್ ಗಡಿಯಾರ ಇಟ್ಕೊಂಡು ಬರಿ ಅಂದೆ. ಪ್ರಿಲಿಮ್ಸ್‌ನ ಎರಡನೇ ಪೇಪರ್ ಸಿಸ್ಯಾಟ್‌ನಲ್ಲಿ 58 ಬಂತು, 200ಕ್ಕೆ ಶೇ. 33 ಬೇಕು, ಅಂದ್ರೆ ಕಮ್ಮಿ ಅಂದ್ರೂ 66. ಮೇನ್ಸ್‌ಗೆ ಆರಿಸ್ಕೊಂಡಿದ್ದ ಆಪ್ಷನಲ್ ವಿಷಯದಲ್ಲಂತೂ ಎರಡನೇ ಪೇಪರ್ ಮುಟ್ಟೇ ಇಲ್ಲ. ಪ್ರಿಲಿಮ್ಸ್ ಹೇಗೋ ದಾಟಿದ್ರೂ ಮೇನ್ಸ್‌ಗೆ ಸಿಗೋದು ಸುಮಾರು ಮೂರು ತಿಂಗಳು, ಅಷ್ಟರಲ್ಲಿ 500 ಮಾರ್ಕ್ಸಿನ ಆಪ್ಷನಲ್ ಹೊಸದಾಗಿ ಕಟ್ಟಕ್ಕಾಗುತ್ತಾ? ಬಿಟ್ಲು.

"ಅನುಭವಕ್ಕೆ ಹೋಗಿ ಕೂತ್ಕೊಂಡ್ ಬರ್ತೀನಿ" ಅಂತ ಕೆಲವ್ರು ಹೇಳ್ತಾರೆ. ಬೇಡ. ಫಾರ್ಮ್ ತುಂಬಿದ್ರೆ ಅಟೆಂಪ್ಟ್ ಅಲ್ಲ, ಹಾಲ್‌ನಲ್ಲಿ ಒಂದೇ ಒಂದು ಪೇಪರ್ ಬರೆದ್ರೂ ಅಟೆಂಪ್ಟೇ. ಅವಳು ಪ್ರಶ್ನೆಪತ್ರಿಕೆ ಸಿಕ್ಕಿದ ಮೇಲೆ ಮನೇಲೇ ಕೂತು, ಯಾವ ಚರ್ಚೆನೂ ನೋಡದೆ, ಎರಡೂ ಪೇಪರ್ ಎರಡೆರಡು ಗಂಟೆ ಬರೆದ್ಲು. ಅನುಭವನೂ ಆಯ್ತು, ಅಟೆಂಪ್ಟೂ ಉಳೀತು.

ಪ್ಲ್ಯಾನ್ ಶುರುವಾಗಿದ್ದು ಮಾರನೇ ದಿನಾನೇ. ಬಿಟ್ಟವರು ಎಡವೋದು ಇಲ್ಲೇ ನೋಡ್ರಿ, ಇನ್ನೂ ಒಂದು ವರ್ಷ ಇದೆ ಅಂತ ಮೂರು ತಿಂಗಳು ಹಾಯಾಗಿದ್ದು, ಆಮೇಲೆ ಮತ್ತೆ ಪ್ರಿಲಿಮ್ಸ್ ಓದೋಕೇ ಕೂತ್ಕೊಳ್ತಾರೆ, ಆಪ್ಷನಲ್ ಇದ್ದಲ್ಲೇ ಇರುತ್ತೆ. ಅವಳು ನವೆಂಬರ್ ತನಕ ಬೆಳಗಿನ ಹೊತ್ತೆಲ್ಲ ಆಪ್ಷನಲ್‌ಗೇ ಕೊಟ್ಲು, ಭಾನುವಾರ ಪುಸ್ತಕ ಮುಚ್ಚಿಟ್ಟು ಕೈಯಲ್ಲೇ ಉತ್ತರ ಬರೀತಿದ್ಲು, ದಿನಾ ಅರ್ಧ ಗಂಟೆ ಸಿಸ್ಯಾಟ್ ಲೆಕ್ಕ. ಡಿಸೆಂಬರ್‌ನಿಂದ ಪ್ರಿಲಿಮ್ಸ್.

ಟೈಮ್ ಆಯ್ತು ಅಂತ ಚೀಟಿ ಬಂತು. ಕರೆಂಟ್ ಅಫೇರ್ಸ್ ಬಗ್ಗೆ ಹೇಳ್ಬೇಕಿತ್ತು, ಇರ್ಲಿ ಬಿಡಿ. ಇಂಗ್ಲಿಷ್ ಮೀಡಿಯಂನವರಿಗೆ ಇದೊಂದು ಮಾತು: ಮೇನ್ಸ್‌ನಲ್ಲಿ ಒಂದು ಭಾರತೀಯ ಭಾಷೆಯ ಪೇಪರ್ ಕಡ್ಡಾಯ, ನೀವು ಕನ್ನಡ ಆರಿಸ್ಕೊಂಡಿದ್ರೆ ಅದ್ರಲ್ಲಿ 300ಕ್ಕೆ 75 ಬರ್ಲಿಲ್ಲ ಅಂದ್ರೆ ಮೆರಿಟ್ ಪೇಪರ್‌ಗಳ ಅಂಕ ಲೆಕ್ಕಕ್ಕೇ ಬರಲ್ಲ. ವಾರಕ್ಕೊಂದು ಪುಟನಾದ್ರೂ ಕನ್ನಡದಲ್ಲಿ ಬರೀರಪ್ಪಾ, ಒತ್ತಕ್ಷರ ಸಮೇತ.