31ಕ್ಕೆ ಹಿಡಿದದ್ದು, 7ಕ್ಕೆ ಕಟ್ಟಬೇಕಾದದ್ದು

ಕೇಳುಗರೇ, ನಮಸ್ಕಾರ. ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. ನಾವು ಇನ್ನೊಬ್ಬರಿಗೆ ದುಡ್ಡು ಕೊಡುವಾಗ ಅವರ ತೆರಿಗೆಯನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವುದಕ್ಕೆ ಟಿಡಿಎಸ್ ಅನ್ನುತ್ತಾರೆ. ಅದರ ಲೆಕ್ಕದಲ್ಲಿ ಅಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳ ಬಗ್ಗೆ ಇವತ್ತು ಹೇಳುತ್ತೇನೆ.

ಒಂದು ಪಾರ್ಟ್‌ನರ್‌ಶಿಪ್ ಫರ್ಮ್ ಇದೆ ಅಂದುಕೊಳ್ಳಿ. ಶೆಡ್ಡಿನ ಬಾಡಿಗೆ ತಿಂಗಳಿಗೆ 60,000. ಕಟ್ಟಡದ ಬಾಡಿಗೆ ತಿಂಗಳಿಗೆ 50,000 ದಾಟಿದರೆ ನೂರಕ್ಕೆ 10 ಟಿಡಿಎಸ್ ಹಿಡಿಯಬೇಕು. ಅಂದರೆ 6,000 ಹಿಡಿದು, ಮಾಲೀಕರಿಗೆ 54,000 ಕೊಡುತ್ತೇವೆ. ಪುಸ್ತಕದಲ್ಲಿ ಬಾಡಿಗೆ ಎಷ್ಟು ಬರೆಯಬೇಕು? ಬ್ಯಾಂಕಿನಿಂದ ಹೋದದ್ದು 54,000 ಅಂತ ಅದನ್ನೇ ಬರೆದುಬಿಡುತ್ತಾರೆ. ಅದು ತಪ್ಪು. ಜರ್ನಲ್ ಹೀಗಿರಬೇಕು: ಬಾಡಿಗೆ ಖಾತೆಗೆ ಡೆಬಿಟ್ 60,000. ಮಾಲೀಕರ ಖಾತೆಗೆ ಕ್ರೆಡಿಟ್ 54,000. ಕಟ್ಟಬೇಕಾದ ಟಿಡಿಎಸ್ ಖಾತೆಗೆ ಕ್ರೆಡಿಟ್ 6,000. ಆ 6,000 ಮಾಲೀಕರ ತೆರಿಗೆ. ಸರ್ಕಾರಕ್ಕೆ ಕಟ್ಟುವವರೆಗೆ ಅದು ನಮ್ಮ ತಲೆ ಮೇಲಿನ ಸಾಲ. ಚಲನ್ ಕಟ್ಟಿದ ದಿನ ಟಿಡಿಎಸ್ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಅಲ್ಲಿಗೆ ಸಾಲ ತೀರಿತು.

ಇನ್ನು ಪೇಂಟಿಂಗ್ ಕಾಂಟ್ರಾಕ್ಟರ್. ಒಂದೇ ಬಿಲ್ಲು 30,000 ದಾಟಿದರೆ, ಅಥವಾ ವರ್ಷದಲ್ಲಿ ಎಲ್ಲ ಸೇರಿ ಒಂದು ಲಕ್ಷ ದಾಟಿದರೆ ಹಿಡಿಯಬೇಕು. ವ್ಯಕ್ತಿಯಾದರೆ ನೂರಕ್ಕೆ 1, ಕಂಪನಿ ಅಥವಾ ಫರ್ಮ್ ಆದರೆ 2. ನಮ್ಮ ಪೇಂಟರ್ ಒಬ್ಬ ವ್ಯಕ್ತಿ, ಬಿಲ್ಲು 80,000. ಟಿಡಿಎಸ್ 800. ಬಿಲ್ಲು ಮೇ 28ಕ್ಕೆ ಬಂತು, ಅಂದೇ ಪುಸ್ತಕದಲ್ಲಿ ಹತ್ತಿಸಿದಿರಿ, ದುಡ್ಡು ಕೊಟ್ಟದ್ದು ಜೂನ್ 15ಕ್ಕೆ. ಹಾಗಾದರೆ ಹಿಡಿಯಬೇಕಾದ್ದು ಯಾವಾಗ? ಮೇ 28ಕ್ಕೇ. ಅವರ ಖಾತೆಗೆ ಬರೆದದ್ದು, ದುಡ್ಡು ಕೊಟ್ಟದ್ದು, ಎರಡರಲ್ಲಿ ಯಾವುದು ಮೊದಲೋ ಅದೇ ಲೆಕ್ಕ. "ದುಡ್ಡು ಕೊಡುವಾಗ ಹಿಡಿದರಾಯ್ತು ಬಿಡಿ" ಅನ್ನುವವರೇ ಜಾಸ್ತಿ. ಎಡವುವುದೂ ಅಲ್ಲೇ.

ಮೇ ತಿಂಗಳಲ್ಲಿ ಹಿಡಿದದ್ದನ್ನು ಜೂನ್ 7ರೊಳಗೆ ಕಟ್ಟಬೇಕು. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ. ಬಾಡಿಗೆಯ 6,000 ಮೇ 31ಕ್ಕೆ ಹಿಡಿದು ಜೂನ್ 9ಕ್ಕೆ ಕಟ್ಟಿದಿರಿ ಅಂತಿಟ್ಟುಕೊಳ್ಳಿ. ತಡವಾದದ್ದು ಎರಡೇ ದಿನ, ಅಲ್ವಾ? ಆದರೆ ಬಡ್ಡಿ ಓಡುವುದು ಹಿಡಿದ ದಿನದಿಂದ. ತಿಂಗಳಿಗೆ ಒಂದೂವರೆ ಪರ್ಸೆಂಟ್, ತಿಂಗಳ ತುಣುಕಿಗೂ ಪೂರ್ತಿ ತಿಂಗಳು. ಮೇ ಒಂದು, ಜೂನ್ ಒಂದು. ಬಡ್ಡಿ 180 ರೂಪಾಯಿ.

ಅದಕ್ಕೇ ಪ್ರತಿ ತಿಂಗಳು 8ನೇ ತಾರೀಕು ಬೆಳಿಗ್ಗೆ ನಾನು ಮೊದಲು ತೆರೆಯುವುದು ಟಿಡಿಎಸ್ ಖಾತೆ. ಹಿಂದಿನ ತಿಂಗಳ ಬಾಕಿ ಅಲ್ಲಿ ಉಳಿದಿದ್ದರೆ ಚಲನ್ ಹೋಗಿಲ್ಲ ಅಂತ ಅರ್ಥ. ಡೆಬಿಟ್ ಬಾಕಿ ತೋರಿಸಿದರೆ, ಯಾರೋ ಬಾಡಿಗೆಯನ್ನು 54,000 ಎಂದೇ ಬರೆದಿದ್ದಾರೆ.

ಚಲನ್ ಕಟ್ಟಿದ ಮೇಲೂ ಒಂದು ಕೆಲಸ ಬಾಕಿ. ಮೂರು ತಿಂಗಳಿಗೊಮ್ಮೆ ಕೊಡುವ ವಿವರದಲ್ಲಿ ಪೇಂಟರ್ ಅವರ ಪ್ಯಾನ್ ಸರಿಯಾಗಿರಬೇಕು. ಒಂದು ಅಕ್ಷರ ತಪ್ಪಿದರೂ ಆ 800 ಅವರ ಹೆಸರಿನಲ್ಲಿ ಕಾಣುವುದಿಲ್ಲ. ತೆರಿಗೆ ಕಟ್ಟುವಷ್ಟು ಆದಾಯ ಅವರಿಗೆ ಇಲ್ಲದಿದ್ದರೆ, ವಾಪಸ್ ಬರಬೇಕಾದ ಆ ದುಡ್ಡಿಗಾಗಿ ಅವರು ನಮ್ಮ ಬಾಗಿಲಿಗೇ ಬರುತ್ತಾರೆ.

ನಮಸ್ಕಾರ.