ಕಚೇರಿಯ ಪ್ರಿಂಟರ್‌ಗೆ ಮೂರು ದಾರಿ: ರಾ ಸಾಕೆಟ್, ಎಲ್‌ಪಿಆರ್, ಐಪಿಪಿ

ಕೇಳುಗರಿಗೆ ನಮಸ್ಕಾರ.

ಲೆಕ್ಕಪರಿಶೋಧಕರ ಒಂದು ಸಣ್ಣ ಕಚೇರಿ ಎಂದುಕೊಳ್ಳಿ. ಐದು ವಿಂಡೋಸ್ ಕಂಪ್ಯೂಟರ್, ಒಂದು ಲಿನಕ್ಸ್, ಎಲ್ಲರ ಕೈಯಲ್ಲೂ ಮೊಬೈಲ್. ಎಲ್ಲಕ್ಕೂ ಸೇರಿ ಒಂದೇ ಲೇಸರ್ ಪ್ರಿಂಟರ್. ಅದರ ಟ್ರೇಯಲ್ಲಿ ಪೇಪರ್ ಮುಗಿದಿದೆ, ಯಾರೂ ನೋಡಿಲ್ಲ. ಗುಮಾಸ್ತರೊಬ್ಬರು ಎರಡು ಪುಟದ ಪತ್ರವನ್ನು ಪ್ರಿಂಟ್‌ಗೆ ಕೊಡುತ್ತಾರೆ. ಪರದೆಯಲ್ಲಿ ಕ್ಯೂ ಖಾಲಿಯಾಗುತ್ತದೆ, ಹಾಳೆ ಮಾತ್ರ ಬರುವುದಿಲ್ಲ. ಮತ್ತೊಮ್ಮೆ ಕೊಡುತ್ತಾರೆ, ಮೂರನೇ ಸಲವೂ ಕೊಡುತ್ತಾರೆ. ಆಮೇಲೆ ಯಾರೋ ಪೇಪರ್ ತುಂಬಿದ ಕೂಡಲೇ ಒಂದರ ಹಿಂದೊಂದು ಆರು ಹಾಳೆ ಹೊರಬೀಳುತ್ತವೆ. ಪ್ರಿಂಟರ್ ಕೆಟ್ಟಿಲ್ಲ, ಗುಮಾಸ್ತರದೂ ತಪ್ಪಿಲ್ಲ. ಕಂಪ್ಯೂಟರ್ ಮತ್ತು ಪ್ರಿಂಟರ್ ನಡುವಿನ ಮಾತುಕತೆಯ ಕ್ರಮವೇ ಹಾಗಿದೆ.

ಆ ಕ್ರಮದ ಹೆಸರು ರಾ ಸಾಕೆಟ್. ಪ್ರಿಂಟರ್‌ನ 9100ನೇ ಟಿಸಿಪಿ ಪೋರ್ಟ್‌ಗೆ ಕಂಪ್ಯೂಟರ್ ಸಂಪರ್ಕ ಕಟ್ಟುತ್ತದೆ, ಡ್ರೈವರ್ ಸಿದ್ಧಪಡಿಸಿದ ಬೈಟುಗಳನ್ನು ಸುರಿಯುತ್ತದೆ, ಸಂಪರ್ಕ ಮುಚ್ಚುತ್ತದೆ. ಮುಗಿಯಿತು. ಈ ಕೆಲಸ ಯಾರದು, ಎಷ್ಟು ಪುಟ, ಮುದ್ರಣವಾಯಿತೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಜಾಗವೇ ಇಲ್ಲ. ಎರಡು ಪುಟದ ಪತ್ರ ಇಡಿಯಾಗಿ ಪ್ರಿಂಟರ್‌ನ ಮೆಮೊರಿಯಲ್ಲಿ ಹಿಡಿಯುತ್ತದೆ. ಕೊನೆಯ ಬೈಟು ತಲುಪಿದ ಕೂಡಲೇ ವಿಂಡೋಸ್ ಅದನ್ನು ಮುಗಿದ ಕೆಲಸವೆಂದು ಕ್ಯೂನಿಂದ ತೆಗೆದುಬಿಡುತ್ತದೆ. ಕಡತ ದೊಡ್ಡದಾಗಿದ್ದರೆ ಕಥೆ ಬೇರೆ. ಮೆಮೊರಿ ತುಂಬಿದ ಮೇಲೆ ಪ್ರಿಂಟರ್ ಬೈಟು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ, ಸಂಪರ್ಕ ಮಾತ್ರ ತೆರೆದೇ ಇರುತ್ತದೆ. ಸಾಮಾನ್ಯ ಕಚೇರಿ ಪ್ರಿಂಟರ್ ಈ ಬಾಗಿಲಲ್ಲಿ ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವುದರಿಂದ ಉಳಿದವರೆಲ್ಲ ಕಾಯಬೇಕು.

ಬೈಟುಗಳನ್ನು ಪ್ರಿಂಟರ್ ಹೇಗೆ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತದೆ ಎಂದು ನೋಡಬೇಕೇ? ಬ್ರೌಸರ್‌ನಲ್ಲಿ ಪ್ರಿಂಟರ್‌ನ ವಿಳಾಸ ಬರೆದು, ಮುಂದೆ ಕೋಲನ್ ಹಾಕಿ 9100 ಎಂದು ಸೇರಿಸಿ. ಕೆಲವು ಬ್ರೌಸರ್‌ಗಳು ಹೋಗಲು ಬಿಡುತ್ತವೆ. ಹೋದರೆ, ಪಿಸಿಎಲ್ ಎಂಬ ಮುದ್ರಣ ಭಾಷೆ ಅರಿಯುವ ಬಹುಪಾಲು ಪ್ರಿಂಟರ್‌ಗಳಿಂದ `GET / HTTP/1.1` ಎಂದು ಶುರುವಾಗುವ ಒಂದು ಹಾಳೆ ಬರುತ್ತದೆ. ಬ್ರೌಸರ್ ಕೇಳಿದ ಪ್ರಶ್ನೆಯನ್ನೇ ಅದು ಅಚ್ಚುಹಾಕಿರುತ್ತದೆ. ಹೀಗೆ ಗುಪ್ತಪದವನ್ನೂ ಕೇಳದೆ ತೆಗೆದುಕೊಳ್ಳುವ ಪೋರ್ಟ್ ಅದು. ಆದ್ದರಿಂದ ರೂಟರ್‌ನಲ್ಲಿ 9100 ಅನ್ನು ಇಂಟರ್ನೆಟ್ ಕಡೆಗೆ ತೆರೆಯಲೇಬಾರದು.

ಇಲ್ಲಿ ಒಂದು ಮಾತು ಸೇರಿಸಬೇಕು. ರಾ ಸಾಕೆಟ್‌ನಲ್ಲೂ ವಿಂಡೋಸ್ ಕೆಲವೊಮ್ಮೆ ಪೇಪರ್ ಇಲ್ಲ ಎಂದು ತೋರಿಸುತ್ತದೆ. ಆ ಸುದ್ದಿ ಎಸ್‌ಎನ್‌ಎಂಪಿ ಎಂಬ ಬೇರೆಯೇ ದಾರಿಯಲ್ಲಿ, ಯುಡಿಪಿ 161ರ ಮೂಲಕ ಬರುತ್ತದೆ. ಪ್ರಿಂಟರ್ ಆ ಪ್ರಶ್ನೆಗೆ ಉತ್ತರಿಸದಿದ್ದರೆ, ಎಲ್ಲ ಸರಿಯಾಗಿದ್ದರೂ ವಿಂಡೋಸ್ ಅದನ್ನು ಆಫ್‌ಲೈನ್ ಎಂದು ತೋರಿಸಿ ಕೂರುತ್ತದೆ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಪ್ರಿಂಟ್ ಮಾತ್ರ ಹೋಗುವುದಿಲ್ಲ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ವಿಂಡೋಸ್‌ನಲ್ಲಿ Printer properties ಒಳಗಿನ Ports ಪುಟದಲ್ಲಿ Configure Port ಒತ್ತಿ, `SNMP Status Enabled` ಎಂಬಲ್ಲಿನ ಗುರುತು ತೆಗೆಯಿರಿ. ಪ್ರಿಂಟ್ ಹೋಗಲು ಶುರುವಾಗುತ್ತದೆ. ಆದರೆ ಪೇಪರ್, ಟೋನರ್‌ಗಳ ಸುದ್ದಿಯೂ ಅಲ್ಲಿಗೆ ನಿಲ್ಲುತ್ತದೆ.

ಎರಡನೇ ದಾರಿ ಎಲ್‌ಪಿಆರ್, ಯುನಿಕ್ಸ್ ಕಾಲದ್ದು. 1990ರಲ್ಲಿ ಆರ್‌ಎಫ್‌ಸಿ 1179 ಎಂಬ ಇಂಟರ್ನೆಟ್ ದಾಖಲೆ ಅದನ್ನು ಬರಹಕ್ಕಿಳಿಸಿತು, ಪೋರ್ಟ್ 515. ಇಲ್ಲಿ ಮುದ್ರಿಸಬೇಕಾದ ಕಡತದ ಜೊತೆಗೆ ಒಂದು ನಿಯಂತ್ರಣ ಕಡತವೂ ಹೋಗುತ್ತದೆ. ಕಳಿಸಿದವರು ಯಾರು, ಯಾವ ಯಂತ್ರದಿಂದ, ಕೆಲಸದ ಹೆಸರೇನು ಎಂಬುದು ಅದರಲ್ಲಿರುತ್ತದೆ. ಆದರೆ ಕಳಿಸುವ ಮುಂಚೆ ಕಡತದಲ್ಲಿ ಎಷ್ಟು ಬೈಟುಗಳಿವೆ ಎಂದು ಹೇಳಬೇಕು. ಅದನ್ನು ಎಣಿಸಬೇಕಾದರೆ ಕೆಲಸವನ್ನು ಪೂರ್ತಿ ತಯಾರಿಸಿಟ್ಟುಕೊಳ್ಳಬೇಕು. ವಿಂಡೋಸ್ ಆ ಶ್ರಮ ತಪ್ಪಿಸಲು ತಾನಾಗಿ ಎಣಿಸುವುದಿಲ್ಲ. ಲೆಕ್ಕ ಸರಿಯಿರಬೇಕೆಂದು ಪಟ್ಟು ಹಿಡಿಯುವ ಪ್ರಿಂಟರ್ ಆಗ ಕೆಲಸವನ್ನು ತಿರಸ್ಕರಿಸುತ್ತದೆ. ಅದೇ Configure Port ಒಳಗೆ `LPR Byte Counting Enabled` ಗುರುತು ಹಾಕಿದರೆ ಸರಿಹೋಗುತ್ತದೆ, ದೊಡ್ಡ ಕಡತ ಮಾತ್ರ ಸ್ವಲ್ಪ ತಡವಾಗಿ ಹೊರಡುತ್ತದೆ.

ಎಲ್‌ಪಿಆರ್‌ನಲ್ಲಿ ಹೆಚ್ಚು ಜನ ಎಡವುವುದು ಕ್ಯೂ ಹೆಸರಿನಲ್ಲಿ. ಆ ಹೆಸರನ್ನು ಪ್ರಿಂಟರ್ ತಯಾರಕರು ನಿಶ್ಚಯಿಸಿರುತ್ತಾರೆ. ಒಂದು ಕಡೆ `lp`, ಇನ್ನೊಂದು ಕಡೆ `raw`, ಮತ್ತೊಂದು ಕಡೆ `BINARY_P1`. ಬರಿಯ ಪಠ್ಯಕ್ಕೆಂದು ಇಟ್ಟ ಕ್ಯೂಗೆ ಚಿತ್ರವಿರುವ ಕಡತ ಕಳಿಸಿದರೆ, ಸಾಲಿನ ಕೊನೆ ಎಂದು ತಿಳಿದಲ್ಲೆಲ್ಲ ಅದು ಒಂದೊಂದು ಬೈಟು ಸೇರಿಸುತ್ತದೆ. ಚಿತ್ರ ಕೆಟ್ಟು ಅರ್ಥವಿಲ್ಲದ ಅಕ್ಷರಗಳ ಹಾಳೆಗಳು ಬರುತ್ತವೆ. ಪ್ರಿಂಟರ್‌ನ ಕೈಪಿಡಿ ನೋಡದೆ ಕ್ಯೂ ಹೆಸರನ್ನು ಊಹಿಸಿ ಬರೆಯಬೇಡಿ.

ಇನ್ನು ಐಪಿಪಿ. ಇದರ ಮೊದಲ ರೂಪ 1999ರಲ್ಲಿ ಬಂತು. ಪೋರ್ಟ್ 631, ಮಾತುಕತೆ ನಡೆಯುವುದು ಎಚ್‌ಟಿಟಿಪಿ ಮೇಲೆ. ಇಲ್ಲಿ ಕಂಪ್ಯೂಟರ್ ಮೊದಲು ಪ್ರಿಂಟರ್‌ನ ಸಾಮರ್ಥ್ಯ ಕೇಳುತ್ತದೆ: ಎ4 ಇದೆಯೇ, ಎರಡೂ ಬದಿ ಮುದ್ರಿಸಬಲ್ಲೆಯಾ, ಪಿಡಿಎಫ್ ಅರಿಯಬಲ್ಲೆಯಾ. ಪ್ರತಿ ಕೆಲಸಕ್ಕೂ ಪ್ರಿಂಟರ್ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಹಿಡಿದು ಕೆಲಸ ಎಲ್ಲಿಗೆ ಬಂತು ಎಂದು ಕೇಳಬಹುದು, ಅದೊಂದನ್ನೇ ರದ್ದು ಮಾಡಬಹುದು. ಎರಡು ಪುಟದ ಪತ್ರಕ್ಕೆ ಪೇಪರ್ ಇಲ್ಲದಿದ್ದರೆ ಪ್ರಿಂಟರ್ `media-empty` ಎಂದು ಉತ್ತರಿಸುತ್ತದೆ. ಪತ್ರವೂ ಮುಗಿದಿಲ್ಲವೆಂದೇ ಲೆಕ್ಕದಲ್ಲಿ ಉಳಿಯುತ್ತದೆ. ಮತ್ತೆ ಮತ್ತೆ ಕಳಿಸುವ ಪ್ರಮೇಯವೇ ಬರುವುದಿಲ್ಲ. ನನ್ನ ಮಟ್ಟಿಗೆ ಐಪಿಪಿಯನ್ನು ಆಯ್ದುಕೊಳ್ಳಲು ಈ ಒಂದು ಕಾರಣವೇ ಸಾಕು.

ಐಪಿಪಿ ಎಲ್ಲವನ್ನೂ ಪರಿಹರಿಸುತ್ತದೆ ಎಂದಲ್ಲ. ನಲವತ್ತು ಪುಟದ ಕಡತ ಹೋಗುತ್ತಿರುವಾಗಲೇ ಲ್ಯಾಪ್‌ಟಾಪ್ ಮುಚ್ಚಿದರೆ, ಮೆಮೊರಿ ಕಡಿಮೆ ಇರುವ ಪ್ರಿಂಟರ್‌ನಲ್ಲಿ ಉಳಿದ ಪುಟ ಇಲ್ಲಿಯೂ ಬರುವುದಿಲ್ಲ. ಹಳೆಯ ಪ್ರಿಂಟರ್‌ಗಳಲ್ಲಿ 631 ತೆರೆದಿದ್ದರೂ ಅವು ಪಿಡಿಎಫ್ ಆಗಲಿ, ಪುಟವನ್ನು ಚಿತ್ರವಾಗಿ ಕಳಿಸುವ ಪಿಡಬ್ಲ್ಯೂಜಿ ರಾಸ್ಟರ್ ಆಗಲಿ ಅರಿಯವು. ಅವಕ್ಕೆ ತಯಾರಕರ ಡ್ರೈವರ್ ಬೇಕೇ ಬೇಕು. ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಗುರುತಿದ್ದರೆ ಆ ಚಿಂತೆ ಇಲ್ಲ. ಐಫೋನ್ ಮತ್ತು ಆಂಡ್ರಾಯ್ಡ್ ಫೋನುಗಳು ಮುದ್ರಿಸುವುದೂ ಇದೇ ದಾರಿಯಲ್ಲಿ.

ನಮ್ಮ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಏನು ಮಾಡಬೇಕು? ಮೊದಲು ರೂಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಕಾಯ್ದಿರಿಸಿ, 192.168.1.50 ಎನ್ನೋಣ. ಹಾಗೆ ಮಾಡದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರ್‌ಗೆ ಬೇರೆ ವಿಳಾಸ ಸಿಕ್ಕಿ, ರಾ ಸಾಕೆಟ್‌ನಲ್ಲಿದ್ದ ಕಂಪ್ಯೂಟರ್‌ಗಳೆಲ್ಲ ಹಳೆಯ ವಿಳಾಸಕ್ಕೇ ಬಡಿಯುತ್ತಿರುತ್ತವೆ. ಆಮೇಲೆ ಪ್ರಿಂಟರ್‌ನ ವೆಬ್ ಪುಟದಲ್ಲಿ ಐಪಿಪಿ ಚಾಲೂ ಇದೆಯೇ ನೋಡಿ, ಪ್ರತಿ ಕಂಪ್ಯೂಟರ್‌ನಲ್ಲೂ ಐಪಿಪಿ ಪ್ರಿಂಟರ್ ಆಗಿಯೇ ಸೇರಿಸಿ. ವಿಳಾಸ ಸಾಮಾನ್ಯವಾಗಿ `ipp://192.168.1.50/ipp/print` ಎಂದಿರುತ್ತದೆ. ವಿಂಡೋಸ್ ತಾನೇ ಹುಡುಕಿ ಸೇರಿಸಿದ್ದರೆ ಪೋರ್ಟ್‌ನ ಹೆಸರು ನೋಡಿ. ಡಬ್ಲ್ಯೂಎಸ್‌ಡಿ ಎಂದಿದ್ದರೆ ಅದು ಐಪಿಪಿ ಅಲ್ಲದೆ ವಿಂಡೋಸ್‌ನ ಇನ್ನೊಂದು ದಾರಿ ಆಗಿರಬಹುದು. ಮೊಬೈಲಿಗೆ ಪ್ರಿಂಟರ್ ಕಾಣದಿದ್ದರೆ ಮೊಬೈಲು ಅತಿಥಿ ವೈಫೈಗೆ ಸೇರಿದೆಯೇ ನೋಡಿ. ಅತಿಥಿ ಜಾಲದಿಂದ ಕಚೇರಿಯ ಜಾಲಕ್ಕೆ ರೂಟರ್ ಸಾಮಾನ್ಯವಾಗಿ ದಾರಿ ಬಿಡುವುದಿಲ್ಲ.

ರಾ ಸಾಕೆಟ್ ಬೇಕಾಗುವುದು ಎರಡು ಕಡೆ. ಒಂದು, ಐಪಿಪಿ ಸರಿಯಾಗಿ ಅರಿಯದ ಹಳೆಯ ಲೇಸರ್. ಇನ್ನೊಂದು, ಲೇಬಲ್ ಮತ್ತು ಬಿಲ್ ಪ್ರಿಂಟರ್‌ಗಳು. ಬಿಲ್ಲಿಂಗ್ ತಂತ್ರಾಂಶ ತನ್ನ ಆಜ್ಞೆಗಳನ್ನು ಅವಕ್ಕೆ ನೇರವಾಗಿ ಕಳಿಸುತ್ತದೆ, ಮಧ್ಯೆ ಯಾರೂ ಅದನ್ನು ಬದಲಿಸಬಾರದು. ಎಲ್‌ಪಿಆರ್ ಅನ್ನು ಹಳೆಯ ಯುನಿಕ್ಸ್ ಯಂತ್ರವೋ, ಬೇರೇನೂ ಅರಿಯದ ಪ್ರಿಂಟ್ ಸರ್ವರ್ ಪೆಟ್ಟಿಗೆಯೋ ಇದ್ದಲ್ಲಿ ಮಾತ್ರ ಇಟ್ಟುಕೊಳ್ಳಿ.

ಎಲ್ಲ ಕಂಪ್ಯೂಟರ್‌ಗಳೂ ಐಪಿಪಿಗೆ ಬಂದ ಮೇಲೆ ಪ್ರಿಂಟರ್‌ನ ವೆಬ್ ಪುಟದಲ್ಲಿ ಎಲ್‌ಪಿಆರ್ ಕೆಲಸಗಳನ್ನು ಪಡೆಯುವ ಎಲ್‌ಪಿಡಿ ಮತ್ತು 9100 ಎರಡನ್ನೂ ನಿಲ್ಲಿಸಬಹುದು. ನಿಲ್ಲಿಸುವ ಮುಂಚೆ ಪ್ರತಿ ಕಂಪ್ಯೂಟರ್‌ನಿಂದಲೂ ಒಂದೊಂದು ಪುಟ ಮುದ್ರಿಸಿ ನೋಡಿ. ಲೆಕ್ಕದ ತಂತ್ರಾಂಶದೊಳಗೆ ಹಳೆಯ ಪ್ರಿಂಟರ್ ಹೆಸರೇ ಆಯ್ಕೆಯಾಗಿ ಉಳಿದಿರುವುದುಂಟು. ಆದ್ದರಿಂದ ಅಲ್ಲಿಂದಲೂ ಒಂದು ಪುಟ ತೆಗೆಯಿರಿ. ನಮಸ್ಕಾರ.