ಮಾವನ ಪಾದ, ಅಳಿಯನ ಪಾದ

ತುಮಕೂರಿನ ಬಂಧುಗಳಿಗೆಲ್ಲ ನಮಸ್ಕಾರ. ಇಡೀ ಸಭೆಗೆ ಒಮ್ಮೆಲೇ ಕೈ ಮುಗಿಯಬಹುದು. ಕಾಲು ಮುಟ್ಟಬೇಕಾದರೆ ಒಬ್ಬೊಬ್ಬರ ಮುಂದೆಯೂ ಬಗ್ಗಬೇಕು. ಹಾಗಾಗಿ ಯಾರ ಮುಂದೆ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರವನ್ನು ಮದುವೆಮನೆಯಲ್ಲೇ ಹುಡುಕೋಣ.

ನಮ್ಮ ಕಡೆ ಹಲವು ಮನೆತನಗಳಲ್ಲಿ ಧಾರೆಗೆ ಮೊದಲು ಹೆಣ್ಣಿನ ತಂದೆ ವರನ ಪಾದ ತೊಳೆಯುತ್ತಾರೆ. ತಲೆ ನರೆತವರು ಇಪ್ಪತ್ತೇಳರ ಹುಡುಗನ ಕಾಲು ಮುಟ್ಟುತ್ತಾರೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಏಕೆಂದರೆ ಆ ಹೊತ್ತಿಗೆ ಹುಡುಗ ವಿಷ್ಣುಸ್ವರೂಪಿ, ಹೆಣ್ಣು ಲಕ್ಷ್ಮಿ. ತಾಳಿ ಕಟ್ಟಿದ ಮೇಲೆ ಅದೇ ಹುಡುಗ ಹೆಂಡತಿಯೊಡನೆ ಬಂದು ಅದೇ ಮಾವನ ಕಾಲಿಗೆ ಬೀಳುತ್ತಾನೆ. ಈಗ ಅವನು ಮನೆಯ ಅಳಿಯ, ಮಗನ ಸಮಾನ. ಗಂಟೆಯೊಳಗೆ ಇಬ್ಬರ ವಯಸ್ಸೇನೂ ಬದಲಾಗಿಲ್ಲ, ಸ್ಥಾನ ಬದಲಾಗಿದೆ. ನಮಸ್ಕಾರ ಸಲ್ಲುವುದು ಆ ಸ್ಥಾನಕ್ಕೆ.

ವರಸೆಯ ತೊಡಕೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ದೊಡ್ಡ ಕುಟುಂಬಗಳಲ್ಲಿ ಅಣ್ಣನ ಮಗನಿಗಿಂತ ಚಿಕ್ಕಪ್ಪನೇ ಕಿರಿಯನಾಗಿರುವುದುಂಟು. ಮದುವೆಯ ದಿನ ವರಸೆ ಗೆಲ್ಲುತ್ತದೆ, ಮದುಮಗ ಆ ಕಿರಿಯ ಚಿಕ್ಕಪ್ಪನಿಗೂ ಬಗ್ಗಿ ಅಕ್ಷತೆ ಹಾಕಿಸಿಕೊಳ್ಳುತ್ತಾನೆ. ಮರುದಿನದಿಂದ ಇಬ್ಬರೂ ಕೈ ಕುಲುಕಿದರೂ ಯಾರೂ ಆಕ್ಷೇಪಿಸುವುದಿಲ್ಲ.

ಗುರುವಿಗೆ ನಮಸ್ಕರಿಸುವ ಕ್ರಮವನ್ನು ಮನುಸ್ಮೃತಿಯೂ ಹೇಳುತ್ತದೆ: ಕೈಗಳನ್ನು ಅಡ್ಡ ಹಾಯಿಸಿ, ಬಲಗೈಯಿಂದ ಬಲಪಾದ, ಎಡಗೈಯಿಂದ ಎಡಪಾದ ಮುಟ್ಟಬೇಕು. ಎದುರುಬದುರು ನಿಂತಾಗ ಕೈ ಅಡ್ಡ ಹಾಯಿಸದೆ ಅದು ಸಾಧ್ಯವಿಲ್ಲ. ಮಂಟಪದಲ್ಲಿ ಈಗ ನಡೆಯುವುದು ಮೊಣಕಾಲನ್ನು ಸವರಿ ಕ್ಯಾಮೆರಾ ನೋಡುವ ನಮಸ್ಕಾರ. ಫೋಟೋ ಸರಿಯಾಗಿ ಬರಲಿಲ್ಲವೆಂದು ಅಜ್ಜಿಯ ಕಾಲಿಗೆ ಎರಡನೆಯ ಸಲ ಬೀಳಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಮುಟ್ಟಬಾರದ ಹೊತ್ತುಗಳೂ ಇವೆ. ಮಲಗಿದವರ ಕಾಲು ಮುಟ್ಟಿದರೆ ಹಿರಿಯರು ಬೆಚ್ಚುತ್ತಾರೆ, ಮಲಗಿಸಿದ ದೇಹಕ್ಕೆ ಕೊನೆಯ ನಮಸ್ಕಾರ ಮಾಡುವುದು ಹಾಗೆ. ಹಾಸಿಗೆ ಹಿಡಿದವರಾದರೆ ಪಕ್ಕದಲ್ಲಿ ಕುಳಿತು ಕೈ ಮುಗಿದರೆ ಸಾಕು. ಸೂತಕದ ಮನೆಯಲ್ಲಿ ನಮಸ್ಕಾರ ಮಾಡುವುದೂ ಇಲ್ಲ, ಆಶೀರ್ವಾದ ಕೇಳುವುದೂ ಇಲ್ಲ. ಪೂಜೆಗೆ ಕುಳಿತವರನ್ನು ಮಡಿಯ ಕಾರಣ ಮುಟ್ಟುವುದಿಲ್ಲ. ದೇವರ ಸನ್ನಿಧಿಯಲ್ಲಿ ಮನುಷ್ಯರ ಕಾಲಿಗೆ ಬೀಳುವುದನ್ನು ಹಲವರು ಒಪ್ಪುವುದಿಲ್ಲ.

ಇನ್ನು ಆರತಕ್ಷತೆಯ ಸಾಲು. ಕಚೇರಿಯ ಮೇಲಧಿಕಾರಿಗೆ, ಊರಿನ ಮುಖಂಡರಿಗೆ ಕೈ ಮುಗಿದರೆ ಮರ್ಯಾದೆ ಪೂರ್ತಿ ಸಂದಂತೆ. ಅದೇ ಸಾಲಿನಲ್ಲಿ ಹೈಸ್ಕೂಲಿನ ಮೇಷ್ಟ್ರು ಬಂದರೆ ಜನ ತಾವಾಗಿಯೇ ಬಗ್ಗುತ್ತಾರೆ, ಹೇಳಿಕೊಡಬೇಕಾಗಿಲ್ಲ. ದಿನ ತುಂಬಿದ ಬಸುರಿ ಅಕ್ಕ ಬಗ್ಗಲು ಹೊರಟರೆ, "ಬೇಡಮ್ಮ, ಅಲ್ಲಿಂದಲೇ ಕೈ ಮುಗಿ" ಎನ್ನುವುದು ಹಿರಿಯರ ಕೆಲಸ. ಅವಳಾಗಿ ಕೇಳಿಕೊಳ್ಳುವವರೆಗೆ ಕಾಯಬಾರದು.